ಹರಾಜು ಕೂಗಿ ಕೂಗಿ ಗಂಟಲು ಹೋಯಿತೇ?

(ಗುರುತು ಸಿಗದಂತೆ ಹೆಸರು, ವಯಸ್ಸು, ಮನೆಯ ವಿವರಗಳನ್ನು ಬದಲಿಸಿದ್ದೇನೆ.)

ಅವರನ್ನು ರಂಗಪ್ಪ ಎನ್ನೋಣ. ವಯಸ್ಸು 52. ಟೊಮೆಟೊ ಮಂಡಿಯಲ್ಲಿ ಹರಾಜು ಕೂಗುವ ಕೆಲಸ. ಬೆಳಗ್ಗೆ ಕ್ರೇಟುಗಳ ಸಾಲಿನ ಮುಂದೆ ನಿಂತು ದರ ಕೂಗಲು ಆರಂಭಿಸಿದರೆ ಮಧ್ಯಾಹ್ನದವರೆಗೆ ಬಾಯಿಗೆ ಬಿಡುವಿಲ್ಲ. ಇಪ್ಪತ್ತೈದು ವರ್ಷಗಳಿಂದ ದಿನಕ್ಕೊಂದು ಕಟ್ಟು ಬೀಡಿ. ಗಂಟಲು ಕಟ್ಟಿ ಎರಡೂವರೆ ತಿಂಗಳಾಗಿತ್ತು. ಮೂರು ವಾರ ಕಳೆದರೂ ದನಿ ಸರಿಹೋಗದಿದ್ದರೆ ಮೂಗಿನಿಂದ ಕೊಳವೆ ಇಳಿಸಿ ಧ್ವನಿತಂತುಗಳನ್ನು ನೋಡುವ ಲ್ಯಾರಿಂಗೋಸ್ಕೋಪಿ ಆಗಬೇಕು ಎಂದು ಇಎನ್‌ಟಿ ವೈದ್ಯರು ಹೇಳಿದಾಗ ಬೇಡವೆಂದು ಎದ್ದು ಹೊರಟಿದ್ದರು. ತಂಬಾಕು ಬಿಡಿಸುವ ಆಪ್ತಸಲಹೆ ನನ್ನ ಕೆಲಸ. ಪರೀಕ್ಷೆಗೆ ಒಪ್ಪದವರನ್ನೂ ನರ್ಸ್ ನನ್ನ ಕೋಣೆಗೇ ಕಳುಹಿಸುತ್ತಾರೆ.

“ಮೇಡಂ, ಕೂಗುವವರ ಗಂಟಲು ಕಟ್ಟದೆ ಇನ್ಯಾರ ಗಂಟಲು ಕಟ್ಟುತ್ತದೆ? ನನಗೆ ಮಾತ್ರೆ ಕೊಡಿಸಿ ಸಾಕು” ಎಂದರು. ದನಿ ಒಡೆದು, ಮಾತಿನ ಕೊನೆಯಲ್ಲಿ ಬರೀ ಗಾಳಿ ಬರುತ್ತಿತ್ತು.

ಮಾತ್ರೆಗಳಾಗಲೇ ಬೇಕಾದಷ್ಟು ಆಗಿದ್ದವು. ಅವರ ಪತ್ನಿ ಸೆರಗಿನಲ್ಲಿ ಸುತ್ತಿಕೊಂಡಿದ್ದ ಚೀಟಿಗಳನ್ನು ಮೇಜಿನ ಮೇಲೆ ಹರಡಿದರು. ಎರಡು ಸಲ ಆಂಟಿಬಯೋಟಿಕ್, ಒಂದು ತಿಂಗಳು ಆಸಿಡಿಟಿ ಮಾತ್ರೆ, ಆಮೇಲೆ ಐದು ದಿನ ಸ್ಟೆರಾಯ್ಡ್. ಸ್ಟೆರಾಯ್ಡ್ ತೆಗೆದುಕೊಂಡಾಗ ದನಿ ಸ್ವಲ್ಪ ತಿಳಿಯಾಗಿ, ಮತ್ತೆ ಮೊದಲಿನಂತಾಯಿತಂತೆ. ಈ ಚೀಟಿಗಳಲ್ಲಿ ಯಾವ ಔಷಧವೂ ವಿಚಿತ್ರವಾದುದಲ್ಲ. ಆದರೆ ಅಷ್ಟನ್ನೂ ಧ್ವನಿತಂತುಗಳನ್ನು ನೋಡದೆಯೇ ಬರೆಯಲಾಗಿತ್ತು. ಸ್ಟೆರಾಯ್ಡ್ ಯಾವ ಕಾರಣದ ಊತವನ್ನಾದರೂ ಕೆಲವು ದಿನ ಇಳಿಸಬಲ್ಲದು. ಹಾಗಾಗಿ ದನಿ ಸುಧಾರಿಸಿದ ಮಾತ್ರಕ್ಕೆ ಒಳಗಿನ ಕಾಯಿಲೆ ಹೋಯಿತೆಂದು ಅರ್ಥವಲ್ಲ. ನೋಡದೆ ಮಾಡುವ ಚಿಕಿತ್ಸೆಯಿಂದ ಹಣಕ್ಕಿಂತ ಹೆಚ್ಚಾಗಿ ನಷ್ಟವಾಗುವುದು ಕಾಲ.

“ಯುಗಾದಿಗೆ ಮಂಡಿ ಮುಚ್ಚಿತ್ತಲ್ಲ, ಆಗ ದನಿ ಹೇಗಿತ್ತು?” ಎಂದು ಕೇಳಿದೆ. ಅವರು ಉತ್ತರಿಸುವ ಮೊದಲೇ ಪತ್ನಿ, “ಆಗಲೂ ಹೀಗೇ ಇತ್ತು. ಮಗಳು ಫೋನಿನಲ್ಲಿ ಇವರ ದನಿ ಕೇಳಿ, ಯಾರೋ ಬೇರೆಯವರೆಂದುಕೊಂಡಳು” ಎಂದರು.

ಕೂಗಿ ದಣಿದ ಗಂಟಲು ಸಾಮಾನ್ಯವಾಗಿ ಸಂಜೆಗೆ ಕೆಡುತ್ತದೆ, ಬೆಳಗ್ಗೆಗೆ ಚೇತರಿಸಿಕೊಳ್ಳುತ್ತದೆ, ರಜೆ ಸಿಕ್ಕರೆ ಇನ್ನಷ್ಟು ಸರಿಹೋಗುತ್ತದೆ. ರಂಗಪ್ಪನವರ ದನಿಗೆ ಬೆಳಗು, ಬೈಗು, ರಜೆ ಯಾವುದರ ವ್ಯತ್ಯಾಸವೂ ಇರಲಿಲ್ಲ. ಇದು ಸುಳಿವೇ ಹೊರತು ಸಾಕ್ಷಿಯಲ್ಲ. ಕೂಗುವವರ ತಂತುಗಳ ಮೇಲೆ ಏಳುವ ಸಣ್ಣ ಗಂಟುಗಳೂ ಬಹುಕಾಲ ಕಾಡುತ್ತವೆ. ಹೊರಗೆ ಕುಳಿತು ದನಿ ಕೇಳಿ ಯಾವುದು ಏನೆಂದು ಯಾರೂ ಹೇಳಲಾರರು. ನಾನೂ ಹೇಳಲಿಲ್ಲ.

ಮೂರು ವಾರದ ಲೆಕ್ಕ ಎಲ್ಲಿಂದ ಬಂತೆಂದು ಅವರಿಗೆ ವಿವರಿಸಿದೆ. ಶೀತದ ವೈರಸ್‌ನಿಂದ ಊದಿದ ತಂತುಗಳು ಹೆಚ್ಚಿನವರಲ್ಲಿ ಒಂದೆರಡು ವಾರದಲ್ಲಿ ಇಳಿಯುತ್ತವೆ. ಮೂರು ವಾರ ಕಳೆದರೂ ಇಳಿಯದಿದ್ದರೆ ಬೇರೆ ಕಾರಣ ಹುಡುಕಬೇಕು. ಕೆಲವು ಮಾರ್ಗಸೂಚಿಗಳು ನಾಲ್ಕು ವಾರ ಎನ್ನುತ್ತವೆ. ಆದರೆ ತಂಬಾಕು ಸೇದುವವರಲ್ಲಿ ಅಷ್ಟು ದಿನ ಕಾಯಬೇಕಿಲ್ಲ ಎಂದೂ ಅವೇ ಹೇಳುತ್ತವೆ. ಹೊಗೆ ಶ್ವಾಸಕೋಶಕ್ಕೆ ಇಳಿಯುವ ಇಕ್ಕಟ್ಟಿನ ಬಾಗಿಲಲ್ಲೇ ತಂತುಗಳಿವೆ. ಬೀಡಿ ಬೇಗ ಆರುವುದರಿಂದ ಸೇದುವವರು ಪದೇ ಪದೇ, ಗಟ್ಟಿಯಾಗಿ ಎಳೆಯುತ್ತಾರೆ. ಸಿಗರೇಟಿಗಿಂತ ಇದು ಸೌಮ್ಯ ಎಂಬ ನಂಬಿಕೆ ಸುಳ್ಳು.

ಅಲ್ಲಿಯವರೆಗೆ ನೆಲ ನೋಡುತ್ತಿದ್ದವರು ತಲೆಯೆತ್ತಿ, “ಅಂದರೆ ಕ್ಯಾನ್ಸರಾ?” ಎಂದು ಕೇಳಿದರು. ಪರೀಕ್ಷೆ ಬೇಡವೆಂದದ್ದಕ್ಕೆ ನಿಜವಾದ ಕಾರಣ ಆ ಪ್ರಶ್ನೆಯೇ ಆಗಿತ್ತು.

ಇರಬಹುದು, ಇಲ್ಲದಿರಬಹುದು ಎಂದೆ. ಬೀಡಿ ಸೇದುವವರಲ್ಲಿ ತಂತುಗಳು ನೀರು ತುಂಬಿದಂತೆ ಊದಿಕೊಂಡು ದನಿ ದಪ್ಪವಾಗುವುದಿದೆ. ಅದು ಕ್ಯಾನ್ಸರ್ ಅಲ್ಲ. ಗಂಟಲಿನ ಕ್ಷಯವೂ ನಮ್ಮಲ್ಲಿ ಕಾಣಸಿಗುತ್ತದೆ. ತಂತು ಅಲುಗಾಡದೆ ನಿಂತಿದ್ದರೆ, ಅದಕ್ಕೆ ಹೋಗುವ ನರ ಎದೆಯೊಳಗೆ ಒತ್ತಿಹೋಗಿರಬಹುದು. ಆಗ ಶ್ವಾಸಕೋಶವನ್ನು ಹುಡುಕಬೇಕಾಗುತ್ತದೆ. ಒಂದು ವೇಳೆ ತಂತುವಿನ ಕ್ಯಾನ್ಸರೇ ಆಗಿದ್ದರೆ, ದೇಹದ ಇತರ ಹಲವು ಕ್ಯಾನ್ಸರ್‌ಗಳಿಗೆ ಇಲ್ಲದ ಒಂದು ಅನುಕೂಲ ಅದಕ್ಕಿದೆ. ತಂತುವಿನ ಅಂಚು ತುಸು ಒರಟಾದರೂ ದನಿ ಕೆಡುವುದರಿಂದ ಅದು ಬೇಗ ಗೊತ್ತಾಗುತ್ತದೆ. ಅಲ್ಲಿ ದುಗ್ಧನಾಳಗಳು ತೀರಾ ಕಡಿಮೆ ಇರುವುದರಿಂದ ಕತ್ತಿನ ಗ್ರಂಥಿಗಳಿಗೆ ಹರಡುವುದೂ ತಡ. ಆ ಹಂತದಲ್ಲಿ ಸಿಕ್ಕರೆ ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ಗುಣವಾಗುತ್ತಾರೆ, ಧ್ವನಿಪೆಟ್ಟಿಗೆಯೂ ಉಳಿಯುತ್ತದೆ. ತಿಂಗಳುಗಟ್ಟಲೆ ಬಿಟ್ಟರೆ ಈ ಅನುಕೂಲವೇ ಕೈತಪ್ಪುತ್ತದೆ.

ಸ್ಕ್ಯಾನ್ ಮಾಡಿದರೆ ಸಾಲದೇ ಎಂದು ಪತ್ನಿ ಕೇಳಿದರು. ಸಾಲದು. ತಂತುವಿನ ಮೇಲ್ಪದರದ ಸಣ್ಣ ಬದಲಾವಣೆ ಸ್ಕ್ಯಾನ್‌ನಲ್ಲಿ ಕಾಣದೇ ಹೋಗಬಹುದು. ಮೊದಲು ಕಣ್ಣಿನಿಂದ ನೋಡಬೇಕು. ಸ್ಕ್ಯಾನ್ ಬೇಕೇ ಎಂಬುದು ಆಮೇಲಿನ ಮಾತು.

ಕೊನೆಗೆ ರಂಗಪ್ಪ ಒಪ್ಪಿದರು. ಅವರು ಕೇಳಿಕೊಂಡದ್ದರಿಂದ ಪರೀಕ್ಷೆಯ ವೇಳೆ ನಾನೂ ಜೊತೆಗಿದ್ದೆ. ಕುರ್ಚಿಯಲ್ಲಿ ಕೂರಿಸಿ ಮೂಗಿನೊಳಗೆ ಮರಗಟ್ಟಿಸುವ ಸ್ಪ್ರೇ ಹೊಡೆದರು. ಗಂಟಲ ಹಿಂಭಾಗಕ್ಕೆ ಕಹಿ ಇಳಿಯಿತೆಂದು ಮುಖ ಕಿವಿಚಿದರು. ಮೂರ್ನಾಲ್ಕು ಮಿಲಿಮೀಟರ್ ದಪ್ಪದ ಬಾಗುವ ಕೊಳವೆ ಮೂಗಿನಿಂದ ಒಳಗೆ ಹೋಯಿತು. ಕಣ್ಣಲ್ಲಿ ನೀರು ಬಂತು. ನೋವಿಗಿಂತ ಕಿರಿಕಿರಿಯೇ ಹೆಚ್ಚು. “ಈ ಎಂದು ಎಳೆಯಿರಿ” ಎಂದಾಗ ಪರದೆಯ ಮೇಲೆ ಎರಡು ಬಿಳಿ ಪಟ್ಟಿಗಳು ಹತ್ತಿರ ಬಂದವು. ಎಡಗಡೆಯದರ ಮುಂಭಾಗದಲ್ಲಿ ಜೋಳದ ಕಾಳಿನಷ್ಟು ಒರಟು ಬಿಳಿ ಮಚ್ಚೆಯಿದ್ದುದರಿಂದ ಅವು ಪೂರ್ತಿ ಕೂಡುತ್ತಿರಲಿಲ್ಲ. ಎರಡೂ ತಂತುಗಳು ಚೆನ್ನಾಗಿ ಚಲಿಸುತ್ತಿದ್ದವು. ಎಲ್ಲವೂ ಐದು ನಿಮಿಷದೊಳಗೆ ಮುಗಿಯಿತು. ಮರಗಟ್ಟಿದ ಗಂಟಲಿಗೆ ನೆತ್ತಿಗೇರಬಾರದೆಂದು ಒಂದು ಗಂಟೆ ಏನೂ ತಿನ್ನಬೇಡಿ, ಕುಡಿಯಬೇಡಿ ಎಂದು ಹೇಳಿ ಕಳುಹಿಸಿದರು.

ಮುಂದಿನ ತೊಡಕು ಬಯಾಪ್ಸಿಯದು. ಕಬ್ಬಿಣ ತಗುಲಿದರೆ ಗಡ್ಡೆ ಕೆರಳಿ ಹರಡುತ್ತದೆ ಎಂದು ಮಂಡಿಯಲ್ಲಿ ಯಾರೋ ಹೇಳಿದ್ದರಂತೆ. ಈ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೋ! ಬಯಾಪ್ಸಿ ಮಾಡಿದ್ದರಿಂದ ತಂತುವಿನ ಕಾಯಿಲೆ ಹರಡುವುದಿಲ್ಲ. ತಡವಾಗಿ ಬಂದು ಆಗಲೇ ಹರಡಿದ್ದವರನ್ನು ನೋಡಿದ ಜನ ಬಯಾಪ್ಸಿಯ ಮೇಲೆ ದೂರು ಹಾಕುತ್ತಾರೆ. ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ನೋಡದೆ ಬಿಳಿ ಮಚ್ಚೆ ಏನೆಂದು ಹೇಳಲಾಗದು ಎಂದು ವಿವರಿಸಿದಾಗ ಒಪ್ಪಿದರು. ಪೂರ್ತಿ ಅರಿವಳಿಕೆ ಕೊಟ್ಟು ತುಣುಕು ತೆಗೆದರು.

ವರದಿಯಲ್ಲಿ ಕ್ಯಾನ್ಸರ್ ಎಂದೇ ಬಂತು, ಆದರೆ ಒಂದೇ ತಂತುವಿಗೆ ಸೀಮಿತವಾದ ಆರಂಭದ ಹಂತ. ಲೇಸರ್, ವಿಕಿರಣ ಎರಡರ ಬಗ್ಗೆಯೂ ವೈದ್ಯರು ವಿವರಿಸಿದ ಮೇಲೆ ರಂಗಪ್ಪ ವಿಕಿರಣ ಆರಿಸಿಕೊಂಡರು: ವಾರಕ್ಕೆ ಐದು ದಿನದಂತೆ ಐದೂವರೆ ವಾರ.

ನನ್ನ ಪಾಲಿನ ಕೆಲಸ ಶುರುವಾದದ್ದು ಇಲ್ಲಿ. “ಬಂದದ್ದು ಬಂದಾಯಿತು, ಇನ್ನು ಬೀಡಿ ಬಿಟ್ಟು ಏನು ಪ್ರಯೋಜನ?” ಎಂದರು. ವಿಕಿರಣದ ಅವಧಿಯಲ್ಲಿ ಸೇದುತ್ತಲೇ ಇದ್ದವರಲ್ಲಿ ಚಿಕಿತ್ಸೆಯ ಫಲ ಕಡಿಮೆ, ಗಂಟಲ ಹುಣ್ಣು ಹೆಚ್ಚು. ಇನ್ನೊಂದು ಕ್ಯಾನ್ಸರ್ ಬರುವ ಸಾಧ್ಯತೆಯೂ ಉಳಿಯುತ್ತದೆ ಎಂದು ನೇರವಾಗಿಯೇ ಹೇಳಿದೆ. ನಿಕೋಟಿನ್ ಚೂಯಿಂಗ್ ಗಮ್ ಗಂಟಲನ್ನು ಕೆರಳಿಸಬಹುದೆಂದು ವೈದ್ಯರು ಚರ್ಮಕ್ಕೆ ಅಂಟಿಸುವ ಪಟ್ಟಿ ಬರೆದರು. ಅವರಿಗೆ ಕಷ್ಟದ ಹೊತ್ತೆಂದರೆ ಹರಾಜು ಮುಗಿದು ಲೆಕ್ಕ ಬರೆಯುವ ಸಮಯ. ಪಕ್ಕದವರು ಬೀಡಿ ಚಾಚುತ್ತಾರೆ. ಲೆಕ್ಕದ ಪುಸ್ತಕವನ್ನು ಮಂಡಿ ಮಾಲೀಕರ ಒಳಕೋಣೆಗೆ ಒಯ್ಯುವುದೆಂದು ನಿರ್ಧರಿಸಿದೆವು. ಸೇದುವ ಆಸೆ ಕೆರಳಿದಾಗ 1800-11-2356ಕ್ಕೆ ಕರೆ ಮಾಡಲು ಹೇಳಿದೆ. ತಂಬಾಕು ಬಿಡುವವರಿಗಾಗಿ ಸರ್ಕಾರ ನಡೆಸುವ ಈ ಸಹಾಯವಾಣಿಗೆ ಕರೆ ಉಚಿತ. ಎರಡು ಸಲ ಜಾರಿದರು, ಮತ್ತೆ ಹಿಡಿದುಕೊಂಡರು. ಪಿಸುದನಿಯಲ್ಲಿ ಮಾತನಾಡಿ ಗಂಟಲಿಗೆ ವಿಶ್ರಾಂತಿ ಕೊಡುತ್ತಿದ್ದೇನೆಂದುಕೊಂಡಿದ್ದರು. ಅದೂ ತಂತುಗಳಿಗೆ ಶ್ರಮವೇ ಆಗಬಹುದು, ಮೆಲ್ಲಗೆ ಸಹಜವಾಗಿ ಮಾತನಾಡಿ ಎಂದೆ. ಉಸಿರೆಳೆಯುವಾಗ ಶಬ್ದ ಬಂದರೆ, ಉಸಿರು ಕಟ್ಟಿದರೆ, ರಕ್ತ ಉಗುಳಿದರೆ ಮುಂದಿನ ತಾರೀಕಿಗೆ ಕಾಯದೆ ಅದೇ ದಿನ ಆಸ್ಪತ್ರೆಗೆ ಬರಬೇಕೆಂದು ಪತ್ನಿಗೂ ತಿಳಿಸಿದೆ.

ಈಗ ಮೊದಲ ವರ್ಷದ ತಪಾಸಣೆಗಳು ನಡೆಯುತ್ತಿವೆ. ಪ್ರತಿ ಸಲವೂ ಅದೇ ಕೊಳವೆ, ಅದೇ ಕಹಿ. ಕಳೆದ ಬಾರಿ ಜೊತೆಗೆ ಬಂದಿದ್ದ ಬಾಮೈದನೂ ಬೀಡಿ ಸೇದುವವರೇ. ತನಗೂ ಹಾಗೆ ನೋಡಿಬಿಡಿ ಎಂದರು. ದನಿ ಸರಿಯಿದೆ, ನುಂಗಲು ತೊಂದರೆಯಿಲ್ಲ, ಒಂದೇ ಕಡೆಯ ಕಿವಿನೋವಿಲ್ಲ, ಕತ್ತಿನಲ್ಲಿ ಗಂಟಿಲ್ಲ. ಹೀಗೆ ಏನೂ ಲಕ್ಷಣವಿಲ್ಲದವರಿಗೆ ಸುಮ್ಮನೆ ಲ್ಯಾರಿಂಗೋಸ್ಕೋಪಿ ಮಾಡುವ ಪದ್ಧತಿಯಿಲ್ಲ ಎಂದು ತಿಳಿಸಿ, ಬೀಡಿ ಬಿಡುವ ಮಾತಿಗೆ ಮುಂದಿನ ಗುರುವಾರ ಬರಲು ಹೇಳಿದ್ದೇನೆ.