ಜಾಮೀನು ಹಾಕಿದವನಿಗೆ ಮೊದಲ ನೋಟೀಸ್ ಬಂದಾಗ

ಪ್ರಶ್ನೆ: ಸಹೋದ್ಯೋಗಿಯ ಸಾಲಕ್ಕೆ ಜಾಮೀನು ಹಾಕಿದ್ದೆ. ಅವರು ಕಂತು ಕಟ್ಟುವುದನ್ನು ನಿಲ್ಲಿಸಿದ್ದಾರೆ. ಈಗ ನೋಟೀಸ್ ನನಗೆ ಬಂದಿದೆ. ಅವರ ಜಾಗ ಅಡವಿರುವಾಗ ಮೊದಲು ಅವರಿಂದಲೇ ವಸೂಲು ಮಾಡಬೇಕಲ್ವಾ?

ಇಲ್ಲ, ಹಾಗೇನೂ ಕಡ್ಡಾಯವಿಲ್ಲ. ನಾನೂ ಇದೇ ನಂಬಿಕೆಯಲ್ಲಿ ಸಹಿ ಹಾಕಿದವನು. ಬದಿಯಡ್ಕದ ಕಡೆ ಮಾಸ್ತರನಾಗಿದ್ದೆ. ನಮ್ಮ ಕಾಸರಗೋಡಿನಲ್ಲಿ ಸಂಬಳದ ಸರ್ಟಿಫಿಕೇಟ್ ಇರುವ ಮಾಸ್ತರರಿಗೆ ಜಾಮೀನು ಕೇಳಿಕೊಂಡು ಬರುವವರು ಜಾಸ್ತಿ, ಗೊತ್ತಲ್ಲ.

1872ರ ಕರಾರು ಕಾಯಿದೆಯ 128ನೇ ಸೆಕ್ಷನ್ ಪ್ರಕಾರ, ಪತ್ರದಲ್ಲಿ ಬೇರೆ ಮಾತು ಬರೆದಿಲ್ಲದಿದ್ದರೆ ಸಾಲಗಾರ ಎಷ್ಟಕ್ಕೆ ಹೊಣೆಯೋ ನೀವೂ ಅಷ್ಟಕ್ಕೇ ಹೊಣೆ. ಅಸಲು, ಬಡ್ಡಿ, ದಂಡಬಡ್ಡಿ, ಕೇಸಿನ ಖರ್ಚು ಎಲ್ಲ ಸೇರಿ. ಸಾಲಗಾರನ ಮೇಲೆ ಎಲ್ಲ ಪ್ರಯತ್ನ ಮುಗಿಸಿಯೇ ಜಾಮೀನುದಾರನ ಹತ್ತಿರ ಬರಬೇಕು ಎಂಬ ವಾದವನ್ನು ಸುಪ್ರೀಂ ಕೋರ್ಟ್ 1968ರಲ್ಲೇ ಒಪ್ಪಲಿಲ್ಲ. ಬೇಗ ಸಿಗುವವನನ್ನು ಹಿಡಿಯುತ್ತಾರೆ. ಸಂಬಳದವನು ಬೇಗ ಸಿಗುತ್ತಾನೆ.

ಹಾಗಂತ ಕೇಳಿದಷ್ಟು ಕೊಟ್ಟು ಬರಬೇಡಿ. ಮೊದಲು ಸಾಲದ ಖಾತೆಯ ಪೂರ್ತಿ ಲೆಕ್ಕವನ್ನೂ ನೀವು ಸಹಿ ಹಾಕಿದ ಜಾಮೀನು ಪತ್ರದ ನಕಲನ್ನೂ ಬರವಣಿಗೆಯಲ್ಲಿ ಕೇಳಿ. ಪತ್ರದಲ್ಲಿ ಇಷ್ಟೇ ಮೊತ್ತಕ್ಕೆ ಎಂದು ಮಿತಿ ಬರೆದಿದೆಯೇ ನೋಡಿ. ಅಡವಿಟ್ಟ ಜಾಗದ ಗತಿ ಏನಾಗಿದೆ ಎಂದೂ ವಿಚಾರಿಸಿ. ನಿಮ್ಮನ್ನು ಕೇಳದೆ ಅಡವನ್ನು ಬಿಟ್ಟುಕೊಟ್ಟಿದ್ದರೆ, 141ನೇ ಸೆಕ್ಷನ್ ಪ್ರಕಾರ ಆ ಜಾಗದ ಬೆಲೆಯಷ್ಟು ನಿಮ್ಮ ಹೊಣೆ ಇಳಿಯುತ್ತದೆ. ಸಾಲದ ಷರತ್ತನ್ನು ನಿಮಗೆ ಹೇಳದೆ ಬದಲಾಯಿಸಿದ್ದರೂ ವಾದಕ್ಕೆ ಜಾಗ ಇದೆ. ಆದರೆ 'ಏನೇ ಬದಲಾದರೂ ನನ್ನ ಒಪ್ಪಿಗೆ ಇದೆ' ಎಂಬ ಸಾಲು ಅಚ್ಚಾದ ಫಾರಂಗಳಲ್ಲಿ ಮೊದಲೇ ಇರುವುದುಂಟು. ಸಹಿ ಹಾಕುವಾಗ ಅದನ್ನು ಓದಿದವರು ಯಾರು? ನಮ್ಮದಂತೂ ಮಲಯಾಳದಲ್ಲಿತ್ತು.

ನನ್ನ ಕತೆ ಹೇಳುತ್ತೇನೆ. ಒಂದು ಸಹಕಾರಿ ಸಂಘದಲ್ಲಿ ಗೆಳೆಯನ 3 ಲಕ್ಷದ ಸಾಲಕ್ಕೆ ನಾವಿಬ್ಬರು ಜಾಮೀನು. ಅಡವು ಏನೂ ಇರಲಿಲ್ಲ. ಅವನು ನಡುವೆ ಕೈಬಿಟ್ಟ. ನೋಟೀಸ್ ಬಂದಾಗ ಬಾಕಿ 2,36,000. 'ಇನ್ನು ಆರ್ಬಿಟ್ರೇಷನ್ ಕೇಸು, ಆಮೇಲೆ ಸಂಬಳ ಜಪ್ತಿ' ಎಂದರು. ನಾನು ಹೆದರಿದೆ. ಆದರೂ ಮೂರು ಸಲ ಅಲೆದು ದಂಡಬಡ್ಡಿ ಬಿಡಿಸಿದೆ, ಲೆಕ್ಕ 2,20,000ಕ್ಕೆ ನಿಂತಿತು. ಇನ್ನೊಬ್ಬ ಜಾಮೀನುದಾರರು ಫೋನ್ ಎತ್ತಲಿಲ್ಲ. ಬಡ್ಡಿ ಬೆಳೆಯುತ್ತಿತ್ತು, ಪೂರ್ತಿ ನಾನೇ ಕಟ್ಟಿದೆ.

ಕಟ್ಟುವಾಗ ಒಂದು ತಪ್ಪು ಆಗುವುದರಲ್ಲಿತ್ತು. ಕೌಂಟರಿನವರು ರಶೀದಿಯನ್ನು ಸಾಲಗಾರನ ಹೆಸರಿಗೆ ಬರೆಯುತ್ತಿದ್ದರು, ಸಾಲದ ಖಾತೆ ಅವನದಲ್ವಾ. ಹಾಗೆ ಬರೆದರೆ ಹಣ ಅವನೇ ಕಟ್ಟಿದಂತೆ ಕಾಣುತ್ತದೆ. ನಾನು ನನ್ನ ಖಾತೆಯ ಚೆಕ್ಕಿನಲ್ಲೇ ಕೊಟ್ಟು, 'ಜಾಮೀನುದಾರ ಇಂಥವರಿಂದ ಬಂದದ್ದು' ಎಂದು ಬರೆಸಿಕೊಂಡೆ. ಸಾಲ ತೀರಿದ ಪತ್ರದಲ್ಲೂ ಅದೇ ಮಾತು ಹಾಕಿಸಿದೆ. ನಿಮ್ಮ ವಿಷಯದಲ್ಲಿ ಇದು ಇನ್ನೂ ಮುಖ್ಯ. ಬಾಕಿ ಪೂರ್ತಿ ತೀರಿಸಿದ ಮೇಲೆ ಸಾಲ ಕೊಟ್ಟವರಿಗೆ ಇದ್ದ ಹಕ್ಕು ನಿಮಗೆ ಬರುತ್ತದೆ, ಆ ಅಡವಿನ ಮೇಲೆ ಕೂಡ. ಜಾಗದ ಆಧಾರ ಪತ್ರವನ್ನು ಸಾಲಗಾರನಿಗೆ ಹಿಂದೆ ಕೊಡಬಾರದೆಂದು ಹಣ ಕಟ್ಟುವ ಮೊದಲೇ ಬರೆದುಕೊಡಿ. ಒಮ್ಮೆ ಅವರ ಕೈ ಸೇರಿದರೆ ಕಷ್ಟ.

ಆಮೇಲೆ ವಕೀಲರ ಮೂಲಕ ಇಬ್ಬರಿಗೂ ನೋಟೀಸ್ ಕಳಿಸಿದೆ. ಗೆಳೆಯನಿಂದ ಪೂರ್ತಿ 2,20,000 ಕೇಳಬಹುದು. ಜೊತೆ ಜಾಮೀನುದಾರರಿಂದ ಅರ್ಧ ಮಾತ್ರ, 1,10,000. ಅವರು ಎರಡು ಸಲಕ್ಕೆ ಕೊಟ್ಟರು, ಮುಖ ಸಿಂಡರಿಸಿಕೊಂಡೇ. ಗೆಳೆಯ 60,000 ಕೊಟ್ಟ, ಅದನ್ನು ನಾವಿಬ್ಬರು 30,000 ದಂತೆ ಹಂಚಿಕೊಂಡೆವು. ಅಲ್ಲಿಗೆ ಅವನು ಮತ್ತೆ ನಿಲ್ಲಿಸಿದ.

ದಾವೆ ಹೂಡಲು ಮೂರು ವರ್ಷ ಸಮಯ. ಸಾಲಗಾರನ ಮೇಲಾದರೆ ನೀವು ಹಣ ಕಟ್ಟಿದ ದಿನದಿಂದ ಎಣಿಕೆ, ಜೊತೆ ಜಾಮೀನುದಾರನ ಮೇಲಾದರೆ ನಿಮ್ಮ ಪಾಲಿಗಿಂತ ಹೆಚ್ಚು ಕಟ್ಟಿದ ದಿನದಿಂದ. ಸ್ನೇಹ ಎಂದು ಸುಮ್ನೆ ಕೂತರೆ ಹಕ್ಕು ಹೋಗುತ್ತದೆ. ನಾನು ನಾಲ್ಕು ತಿಂಗಳು ಉಳಿದಿರುವಾಗ ಎಚ್ಚೆತ್ತು ದಾವೆ ಹಾಕಿದೆ. ವಕೀಲರು ಮೊದಲು ಕೇಳಿದ್ದು ಆ ರಶೀದಿಯನ್ನೇ. ಡಿಕ್ರಿ ಆಗಿದೆ. ಹಣ ಈಗ ತಿಂಗಳಿಗೆ ಸ್ವಲ್ಪ ಸ್ವಲ್ಪ ಬರುತ್ತಿದೆ. ಅವನು ಮಾತ್ರ ನನ್ನನ್ನು ಕಂಡರೆ ರಸ್ತೆಯ ಆಚೆ ಬದಿಗೆ ಹೋಗುತ್ತಾನೆ.