ಮೆನುವಿನ ಎರಡು ಸಾಲು: ಕೋರಿ ರೊಟ್ಟಿ ಏಕೆ ವಾಪಸು ಬರುತ್ತದೆ?

ಪ್ರಶ್ನೆ: ಉಡುಪಿ ಹತ್ತಿರ ಹೆದ್ದಾರಿ ಬದಿಯಲ್ಲಿ ನಮ್ಮ ಹೋಟೆಲ್ ಇದೆ. ಕನ್ನಡ, ಇಂಗ್ಲಿಷ್ ಎರಡರಲ್ಲೂ ಮೆನು ಮಾಡಿಸಿದ್ದೇವೆ. ಆದರೂ ಹೊರಗಿನವರು ಕೋರಿ ರೊಟ್ಟಿ ತರಿಸಿಕೊಂಡು, ‘ಇದೇನು ಹಪ್ಪಳ ಕೊಟ್ಟಿದ್ದೀರಿ?’ ಎಂದು ವಾಪಸು ಕಳಿಸುತ್ತಾರೆ. ಇನ್ನೂ ಚೆನ್ನಾಗಿ ವರ್ಣಿಸುವುದು ಹೇಗೆ?

ನೀವು ಈಗಾಗಲೇ ಬೇಕಾದ್ದಕ್ಕಿಂತ ಹೆಚ್ಚು ವರ್ಣಿಸಿದ್ದೀರಿ. ನೀವು ಕಳಿಸಿದ ಮೆನುವಿನ ಕನ್ನಡ ಸಾಲು ಹೀಗಿದೆ: ‘ಅಜ್ಜಿಯ ಕೈರುಚಿಯ, ಬಾಯಲ್ಲಿ ನೀರೂರಿಸುವ, ಕರಾವಳಿ ಸೊಗಡಿನ ಕೋರಿ ರೊಟ್ಟಿ’. ಇಂಗ್ಲಿಷಿನಲ್ಲಿ ಇದನ್ನೇ ಇಳಿಸಿ ಕೊನೆಗೆ ‘ಚಿಕನ್ ರೋಟಿ’ ಎಂದು ಸೇರಿಸಿದ್ದೀರಿ. ಈ ಎರಡು ಸಾಲುಗಳನ್ನು ಓದಿದವರಿಗೆ ತಟ್ಟೆಯಲ್ಲಿ ಏನು ಬರುತ್ತದೆ ಎಂಬುದರ ಸುಳಿವೇ ಸಿಗುವುದಿಲ್ಲ. ಇದೇ ಬಗೆಯ ಮೆನುಗಳು ನನಗೆ ಪದೇ ಪದೇ ಬರುತ್ತವೆ, ಪ್ರತಿಯೊಂದರ ಜೊತೆಗೂ ಇನ್ನೊಂದಿಷ್ಟು ವಿಶೇಷಣ ಸೇರಿಸಿಕೊಡಿ ಎಂಬ ಬೇಡಿಕೆ ಇರುತ್ತದೆ. ಅತಿಥಿಗೆ ಬೇಕಿರುವುದು ವಿಶೇಷಣವಲ್ಲ, ಮಾಹಿತಿ.

ವಾಪಸು ಕಳಿಸಿದವರು ಏನನ್ನು ನಿರೀಕ್ಷಿಸಿದ್ದರು ಎಂದು ಮೊದಲು ಯೋಚಿಸಿ. ದೆಹಲಿಯಿಂದ ಬಂದವರು ರೋಟಿ ಎಂದರೆ ತವೆಯಿಂದಿಳಿದ ಮೆತ್ತಗಿನ ಗೋಧಿ ಚಪಾತಿಯನ್ನು ಕಲ್ಪಿಸಿಕೊಳ್ಳುತ್ತಾರೆ. ಧಾರವಾಡದಿಂದ ಬಂದವರು ಕನ್ನಡದ ಸಾಲನ್ನೇ ಓದಿದರೂ ಅವರ ಕಣ್ಣಿಗೆ ಬರುವುದು ಜೋಳದ ರೊಟ್ಟಿ. ಕೋರಿ ಎಂದರೆ ತುಳುವಿನಲ್ಲಿ ಕೋಳಿ ಎಂಬುದೂ ಅವರಲ್ಲಿ ಅನೇಕರಿಗೆ ತಿಳಿದಿರುವುದಿಲ್ಲ. ಮಂಗಳೂರಿನವರಿಗೆ ಇದಾವುದನ್ನೂ ಹೇಳಬೇಕಿಲ್ಲ, ಅವರು ಕೇಳುವುದು ಸಾರಿಗೆ ತೆಂಗಿನ ಹಾಲು ಹಾಕಿದ್ದೀರೋ ಇಲ್ಲವೋ ಎಂದು ಮಾತ್ರ. ಹೀಗಿರುವಾಗ ಒಂದು ಭಾಷೆಯಲ್ಲಿ ಬರೆದು ಇನ್ನೊಂದಕ್ಕೆ ಪದಕ್ಕೆ ಪದ ಇಳಿಸಿದರೆ ಇಬ್ಬರಲ್ಲಿ ಒಬ್ಬರಿಗೆ ಬೇಕಾದ ಮಾತು ಖಂಡಿತ ತಪ್ಪಿಹೋಗುತ್ತದೆ. ತಟ್ಟೆ ಒಂದೇ, ವಾಸ್ತವಾಂಶಗಳೂ ಒಂದೇ ಆಗಿರಬೇಕು, ಆದರೆ ಪ್ರತಿ ಭಾಷೆಯ ಸಾಲನ್ನು ಆ ಭಾಷೆಯ ಓದುಗನಿಗೆ ಏನು ಗೊತ್ತಿಲ್ಲವೋ ಅಲ್ಲಿಂದ ಪ್ರತ್ಯೇಕವಾಗಿ ಬರೆಯಬೇಕು.

ಬರೆಯುವ ಮೊದಲು ಅಡುಗೆಮನೆಗೆ ಹೋಗಿ ಭಟ್ಟರನ್ನು ಕೇಳಿ. ರೊಟ್ಟಿ ಯಾವ ಅಕ್ಕಿಯದು, ನೀವೇ ಕಾಯಿಸುತ್ತೀರೋ ಪ್ಯಾಕೆಟ್ ತರಿಸುತ್ತೀರೋ, ಸಾರಿಗೆ ಯಾವ ಮೆಣಸು, ತುಂಡುಗಳಲ್ಲಿ ಮೂಳೆ ಇದೆಯೋ, ಒಂದು ಪ್ಲೇಟಿನಲ್ಲಿ ಎಷ್ಟು ರೊಟ್ಟಿ ಎಂಬ ಉತ್ತರಗಳನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಅದರಲ್ಲಿ ಅತಿಥಿಯನ್ನು ಅಚ್ಚರಿಗೊಳಿಸುವ ಅಥವಾ ನಿರಾಸೆಗೊಳಿಸುವ ಸಂಗತಿಗಳನ್ನು ಮಾತ್ರ ಉಳಿಸಿಕೊಂಡರೆ ನಿಮ್ಮ ಸಾಲು ಹೆಚ್ಚುಕಡಿಮೆ ಸಿದ್ಧವಾಗಿರುತ್ತದೆ. ಕೋರಿ ರೊಟ್ಟಿಯಲ್ಲಿ ಅಂಥವು ನಾಲ್ಕು: ರೊಟ್ಟಿ ಒಣಗಿ ಗರಿಗರಿಯಾಗಿರುತ್ತದೆ, ಅದನ್ನು ಮುರಿದು ಮೇಲೆ ಸಾರು ಸುರಿದುಕೊಳ್ಳಬೇಕು, ಕೋಳಿಯಲ್ಲಿ ಮೂಳೆ ಇದೆ, ಸಾರು ಖಾರ.

ಕನ್ನಡದಲ್ಲಿ ನಾನು ಹೀಗೆ ಬರೆಯುತ್ತೇನೆ: ‘ಕೋರಿ ರೊಟ್ಟಿ – ಹಪ್ಪಳದಂತೆ ಗರಿಗರಿಯಾದ ಕುಚ್ಚಲಕ್ಕಿ ರೊಟ್ಟಿ, ಮುರಿದು ಸುರಿದುಕೊಳ್ಳಲು ಬ್ಯಾಡಗಿ ಮೆಣಸು, ತೆಂಗಿನಕಾಯಿ ಅರೆದ ಬಿಸಿ ಕೋಳಿ ಸಾರು. ಮೂಳೆಸಹಿತ, ಖಾರ.’ ಇಂಗ್ಲಿಷಿನಲ್ಲಿ ಹೆಸರನ್ನು ಹಾಗೆಯೇ ಇಟ್ಟು, ಕೆಳಗೆ ‘ಕ್ರಿಸ್ಪ್, ಡ್ರೈ ರೈಸ್ ಶೀಟ್ಸ್ ಟು ಬ್ರೇಕ್ ಅಂಡರ್ ಎ ಕೋಕನಟ್ ಚಿಕನ್ ಕರಿ. ಆನ್ ದ ಬೋನ್, ಸ್ಪೈಸಿ’ ಎಂದು ಹಾಕಿ. ಇಂಗ್ಲಿಷಿನ ಸಾಲಿನಲ್ಲಿ ಬ್ಯಾಡಗಿಯ ಹೆಸರನ್ನು ಬಿಟ್ಟಿದ್ದೇನೆ, ಏಕೆಂದರೆ ಬಣ್ಣ ಹೆಚ್ಚು, ಖಾರ ಕಡಿಮೆ ಇರುವ ಮೆಣಸು ಅದೆಂದು ಕನ್ನಡದ ಓದುಗನಿಗೆ ತಿಳಿದಿರುವಂತೆ ದೂರದೂರಿನವರಿಗೆ ತಿಳಿದಿರುವುದಿಲ್ಲ, ಅವರಿಗೆ ಅದು ಸುಮ್ಮನೆ ಒಂದು ಅಪರಿಚಿತ ಹೆಸರಾಗುತ್ತದೆ. ‘ಚಿಕನ್ ರೋಟಿ’ಯನ್ನು ಪೂರ್ತಿ ಅಳಿಸಿ. ಅತಿಥಿ ಮೆನುವಿನಲ್ಲಿ ಓದಿದ ಹೆಸರನ್ನೇ ಮಾಣಿಗೆ ಹೇಳಬೇಕು, ಅಡುಗೆಮನೆಗೆ ಹೋಗುವ ಚೀಟಿಯಲ್ಲೂ ಬಿಲ್ಲಿನಲ್ಲೂ ಅದೇ ಕಾಗುಣಿತ ಇರಬೇಕು.

ಈ ಸಾಲು ಬಾಯಿಗೆ ರುಚಿಸುತ್ತದೆಯೇ ಎಂದು ನೀವು ಕೇಳಬಹುದು. ಗರಿಗರಿ, ಬಿಸಿ, ಅರೆದ ತೆಂಗಿನಕಾಯಿ ಎಂಬ ಮಾತುಗಳನ್ನು ಓದುತ್ತಲೇ ಹಸಿವಾಗುತ್ತದೆ, ‘ಬಾಯಲ್ಲಿ ನೀರೂರಿಸುವ’ ಎಂಬುದನ್ನು ಓದಿದರೆ ಆಗುವುದಿಲ್ಲ. ಪ್ರತಿ ಖಾದ್ಯಕ್ಕೆ ಮೂರು ವಿಶೇಷಣ ಹಾಕಿದರೆ ಮಾರಾಟ ಏರುತ್ತದೆ ಎಂದು ಹೇಳಿ ಹಣ ಪಡೆಯುವ ಸಲಹೆಗಾರರು ಊರೂರಿಗೆ ಹುಟ್ಟಿಕೊಂಡಿದ್ದಾರೆ. ಅವರು ಬರೆದುಕೊಟ್ಟ ಮೆನುವಿನಲ್ಲಿ ನೀರು ದೋಸೆಗೂ ಬಂಗುಡೆ ಪುಳಿಮುಂಚಿಗೂ ಒಂದೇ ಹೊಗಳಿಕೆ ಇರುವುದನ್ನು ಕಂಡಾಗ ನನಗೆ ನಿಜವಾಗಿಯೂ ಸಿಟ್ಟು ಬರುತ್ತದೆ.

ಮುದ್ರಿಸುವ ಮೊದಲು ಒಂದು ಪರೀಕ್ಷೆ ಮಾಡಿ. ಕರಾವಳಿಯ ಅಡುಗೆ ಗೊತ್ತಿಲ್ಲದ ಒಬ್ಬರಿಗೆ ಸಾಲನ್ನು ಓದಲು ಕೊಟ್ಟು, ತಟ್ಟೆಯಲ್ಲಿ ಏನೇನು ಬರುತ್ತದೆ ಎಂದು ಹೇಳಿಸಿ, ಆಮೇಲೆ ತಟ್ಟೆಯನ್ನು ಎದುರಿಗಿಡಿ. ಅವರು ಹೇಳಿದ್ದಕ್ಕೂ ಬಂದದ್ದಕ್ಕೂ ಎಲ್ಲಿ ವ್ಯತ್ಯಾಸವಿದೆಯೋ ಆ ಪದವನ್ನು ತಿದ್ದಿ. ಮೆನು ಬಂದ ಮೇಲೆ ಒಂದು ವಾರ ಅತಿಥಿಗಳು ಕೇಳುವ ಪ್ರಶ್ನೆಗಳನ್ನು ಮಾಣಿಗಳಿಂದ ಬರೆಸಿ. ‘ಇದು ಮೆತ್ತಗಿರುತ್ತದೆಯೇ?’ ಎಂದು ಮತ್ತೆ ಮತ್ತೆ ಕೇಳಿದರೆ ಆ ಉತ್ತರ ಸಾಲಿನಲ್ಲಿ ಇನ್ನೂ ಕಾಣುವಂತೆ ಇಲ್ಲವೆಂದೇ ಅರ್ಥ. ಅಡುಗೆಮನೆಯಲ್ಲಿ ಒಂದು ಪದಾರ್ಥ ಬದಲಾದ ದಿನವೇ ಎರಡೂ ಭಾಷೆಯ ಸಾಲು ಬದಲಾಗಬೇಕು. ಕನ್ನಡದ್ದನ್ನು ತಿದ್ದಿ ಇಂಗ್ಲಿಷಿನದನ್ನು ಮರೆತ ಮೆನುಗಳೇ ಹೆಚ್ಚು.

ಪ್ರಶ್ನೆ: ನೀರು ದೋಸೆಯಲ್ಲಿ ಗೋಧಿ ಇಲ್ಲವಲ್ಲ, ‘ಗ್ಲುಟೆನ್ ಫ್ರೀ’ ಎಂದು ಹಾಕಿದರೆ ವಿದೇಶೀಯರು ಧೈರ್ಯವಾಗಿ ತರಿಸಿಕೊಳ್ಳುತ್ತಾರಲ್ಲವೇ?

ಹಾಕಬೇಡಿ. ದೋಸೆಯ ಹಿಟ್ಟಿನಲ್ಲಿ ಅಕ್ಕಿ ಮಾತ್ರ ಇರಬಹುದು, ಆದರೆ ಜೊತೆಗೆ ಕೊಡುವ ಸಾಂಬಾರಿನ ಇಂಗನ್ನು ನೋಡಿದ್ದೀರಾ? ಅಂಗಡಿಯಲ್ಲಿ ಸಿಗುವ ಪುಡಿ ಇಂಗಿಗೆ ಸಾಮಾನ್ಯವಾಗಿ ಗೋಧಿ ಹಿಟ್ಟನ್ನೋ ಮೈದಾವನ್ನೋ ಬೆರೆಸಿರುತ್ತಾರೆ, ಡಬ್ಬಿಯ ಮೇಲಿನ ಪಟ್ಟಿಯಲ್ಲೇ ಅದನ್ನು ಬರೆದಿರುತ್ತಾರೆ. ಅದೇ ಕಾವಲಿಯಲ್ಲಿ ರವೆ ದೋಸೆಯನ್ನೂ ಹೊಯ್ಯುತ್ತೀರಿ. ಗೋಧಿಯ ಗ್ಲುಟೆನ್ ಒಗ್ಗದ ಸೀಲಿಯಾಕ್ ರೋಗಿಗೆ ಇಷ್ಟೇ ಸಾಕು ತೊಂದರೆಯಾಗಲು. ‘ಅಕ್ಕಿ ಹಿಟ್ಟಿನ ದೋಸೆ, ಸಾಂಬಾರಿನ ಇಂಗಿನಲ್ಲಿ ಗೋಧಿ ಇರಬಹುದು’ ಎಂದು ಬರೆಯಿರಿ. ಇಂಗ್ಲಿಷಿನ ಸಾಲಿನಲ್ಲಿ ಇದು ಇನ್ನೂ ಮುಖ್ಯ, ಏಕೆಂದರೆ ಅದನ್ನು ಓದುವ ಹೊರಗಿನ ಅತಿಥಿಗೆ ನಿಮ್ಮ ಸಾಂಬಾರಿನಲ್ಲಿ ಇಂಗಿದೆ ಎಂಬ ಊಹೆಯೂ ಇರುವುದಿಲ್ಲ. ಆರೋಗ್ಯದ ವಿಷಯದಲ್ಲಿ ಅಂದಾಜಿನ ಮೇಲೆ ಒಂದು ಪದವನ್ನೂ ಮೆನುವಿಗೆ ಸೇರಿಸಬಾರದೆಂಬುದು ನನ್ನ ಹಟ, ಅದನ್ನು ಅತಿಯೆಂದು ಭಾವಿಸುವವರು ಭಾವಿಸಲಿ.

ಪ್ರಶ್ನೆ: ‘ಇಂದೇ ಹಿಡಿದ ತಾಜಾ ಅಂಜಲ್’ ಎಂದು ಅಚ್ಚು ಹಾಕಿಸಿದ್ದೇವೆ, ಮಳೆಗಾಲದಲ್ಲಿ ತೆಗೆಯಬೇಕೇ?

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿದ್ದು, ಆ ದಿನಗಳಲ್ಲಿ ನಿಮ್ಮ ಅಂಜಲ್ ಬಹುಪಾಲು ಐಸಿನಿಂದಲೇ ಬರುತ್ತದೆ ಎಂಬುದು ಸ್ಥಳೀಯರಿಗೆಲ್ಲ ಗೊತ್ತು. ‘ತಾಜಾ’ ಎಂಬುದನ್ನು ಅಚ್ಚಿನಿಂದ ಶಾಶ್ವತವಾಗಿ ತೆಗೆದು, ಆ ದಿನ ಬಂದ ಮೀನನ್ನು ಎರಡೂ ಭಾಷೆಯಲ್ಲಿ ಹಲಗೆಯ ಮೇಲೆ ಬರೆಯಿರಿ.

ಪ್ರಶ್ನೆ: ಬ್ರಾಯ್ಲರ್ ಕೋಳಿಗೆ ‘ನಾಟಿ ಸ್ಟೈಲ್’ ಎಂದು ಬರೆದರೆ ತಪ್ಪೇ?

ತಪ್ಪು.

ಪ್ರಶ್ನೆ: ಪ್ರಿಂಟರ್ ಬಳಿ ಹೋದಾಗ ಕನ್ನಡದ ಸಾಲುಗಳೆಲ್ಲ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆಗಳಾಗಿ ಬರುತ್ತವೆ, ಇಂಗ್ಲಿಷ್ ಮಾತ್ರ ಸರಿ ಇರುತ್ತದೆ. ಏಕೆ?

ಹಳೆಯ ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಯೂನಿಕೋಡ್ ಅಲ್ಲದ ಅಕ್ಷರದಲ್ಲಿ ಟೈಪಿಸಿದ್ದನ್ನು ಯೂನಿಕೋಡ್ ಫಾಂಟಿಗೆ ಬದಲಿಸಿದರೆ ಹೀಗಾಗುತ್ತದೆ, ಆದ್ದರಿಂದ ಯೂನಿಕೋಡ್‌ನಲ್ಲೇ ಟೈಪಿಸಿ ಪಿಡಿಎಫ್ ಮಾಡಿ ಕೊಡಿ, ಅಚ್ಚಿಗೆ ಮೊದಲು ಒತ್ತಕ್ಷರಗಳನ್ನೂ ಅರ್ಕಾವತ್ತನ್ನೂ ನೀವೇ ಕಾಗದದ ಮೇಲೆ ಓದಿ ನೋಡಿ.