ಮಾತ್ರೆ ನುಂಗಿದವರನ್ನಷ್ಟೇ ಎಣಿಸಬಹುದೇ?

“ನಮ್ಮ ಔಷಧ ಪ್ರಯೋಗದಲ್ಲಿ ಮಾತ್ರೆಯನ್ನು ಸರಿಯಾಗಿ ತೆಗೆದುಕೊಂಡವರನ್ನಷ್ಟೇ ಲೆಕ್ಕಕ್ಕೆ ಹಿಡಿದರೆ ಔಷಧ ಗೆಲ್ಲುತ್ತದೆ, ಎಲ್ಲರನ್ನೂ ಸೇರಿಸಿದರೆ ವ್ಯತ್ಯಾಸವೇ ಇಲ್ಲ. ಯಾವುದನ್ನು ನಂಬಲಿ?”

ಈ ಅಂತರಕ್ಕೆ ಬಹುಶಃ ಔಷಧ ಕಾರಣವಲ್ಲ. ಮಾತ್ರೆ ತಪ್ಪಿಸದವರು ಮೊದಲೇ ಬೇರೆ ಬಗೆಯವರಾಗಿರುತ್ತಾರೆ. ಅಮೆರಿಕದ ಹೃದ್ರೋಗ ಔಷಧ ಪ್ರಯೋಗವಾದ ಕೊರೋನರಿ ಡ್ರಗ್ ಪ್ರಾಜೆಕ್ಟ್‌ನಲ್ಲಿ ಕೊಲೆಸ್ಟ್ರಾಲ್ ಇಳಿಸುವ ಕ್ಲೋಫೈಬ್ರೇಟ್ ಮಾತ್ರೆಗಳಲ್ಲಿ ಶೇ. 80ರಷ್ಟಾದರೂ ನುಂಗಿದವರಲ್ಲಿ ಐದು ವರ್ಷಗಳ ಸಾವು ಶೇ. 15, ಅದಕ್ಕಿಂತ ಕಡಿಮೆ ನುಂಗಿದವರಲ್ಲಿ ಶೇ. 24.6 ಇತ್ತು, ಆದರೆ ಔಷಧವೇ ಇಲ್ಲದ ಪ್ಲಸೀಬೊ ಗುಂಪಿನಲ್ಲೂ ಈ ಪ್ರಮಾಣ ಕ್ರಮವಾಗಿ 15.1 ಮತ್ತು 28.2 ಆಗಿತ್ತು.

ಆದ್ದರಿಂದ ಮೊದಲು ಎಲ್ಲರನ್ನೂ ಆರಂಭದಲ್ಲಿ ಚೀಟಿ ಎತ್ತಿದಂತೆ ಹಂಚಿದ ಗುಂಪಿನಲ್ಲೇ ಇಟ್ಟು ಇಂಟೆನ್ಷನ್-ಟು-ಟ್ರೀಟ್ ಫಲಿತಾಂಶವನ್ನು ಮುಖ್ಯವಾಗಿ ವರದಿ ಮಾಡಿ. ಮಾತ್ರೆ ಬಿಟ್ಟವರ ಫಲಿತಾಂಶವನ್ನೂ ಸಂಗ್ರಹಿಸಿ. ಸಂಪರ್ಕವೇ ತಪ್ಪಿದವರ ಬಗ್ಗೆ ಯಾವ ಊಹೆ ಸರಿಯೆಂದು ದತ್ತಾಂಶವೇ ಹೇಳಲಾರದು, ಹಾಗಾಗಿ ಅವರೆಲ್ಲರಿಗೂ ಕೆಟ್ಟದ್ದಾಯಿತು ಎಂಬಂತಹ ಊಹೆಗಳಿಂದಲೂ ಲೆಕ್ಕ ಹಾಕಿ ನೋಡಿ. ಮಾತ್ರೆಯನ್ನು ಸರಿಯಾಗಿ ತೆಗೆದುಕೊಂಡವರನ್ನಷ್ಟೇ ಎಣಿಸುವ ಪರ್-ಪ್ರೋಟೋಕಾಲ್ ಫಲಿತಾಂಶವನ್ನು ಆಮೇಲೆ, ಪೂರಕವಾಗಿ ಮಾತ್ರ ಕೊಡಿ.